ಅಂಗನವಾಡಿಯಲ್ಲಿ ಮೊಟ್ಟೆ ಬಗ್ಗೆ ಇಪ್ಪತ್ತು ನಿಮಿಷ: ತಾಯಂದಿರ ಸಭೆಯಲ್ಲಿ ಏನು ಹೇಳಬೇಕು, ಹೇಗೆ ತೋರಿಸಬೇಕು

ನಾನು ಆಶಾ ಕಾರ್ಯಕರ್ತೆ. ನಮ್ಮದು ಕೊಪ್ಪಳ ಕಡೆಯ ಒಂದು ಹಳ್ಳಿ. ಇಲ್ಲಿ ಮೊಟ್ಟೆಗೆ ತತ್ತಿ ಅಂತೀವಿ. ಮೊದಲ ಸಲ ತಾಯಂದಿರ ಸಭೆಯಲ್ಲಿ ತತ್ತಿ ಬಗ್ಗೆ ಮಾತಾಡಿದಾಗ ಗೋಡೆಗೆ ಚಾರ್ಟ್ ಅಂಟಿಸಿ, ಪ್ರೋಟೀನು, ವಿಟಮಿನ್ನು ಅಂತ ಅರ್ಧ ಗಂಟೆ ಹೇಳಿದ್ದೆ. ಕೊನೆಗೆ ಹಿಂದೆ ಕೂತಿದ್ದ ಅವ್ವ ಒಬ್ಬರು ಕೇಳಿದ್ದು ಒಂದೇ ಮಾತು: "ಅದೆಲ್ಲ ಖರೆ, ಈಗ ತತ್ತಿ ಒಂದಕ್ಕ ಎಷ್ಟೈತಿ?" ನನಗೆ ಗೊತ್ತಿರಲಿಲ್ಲ! ಮನೆಗೆ ತತ್ತಿ ತರ್ತಿದ್ದದ್ದು ನಮ್ಮ ಮನೆಯವರು.

ಆಮೇಲೆ ಮಾತಿನ ಕ್ರಮವನ್ನೇ ಬದಲಾಯಿಸಿದೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಉಪಯೋಗ ಆಗಲಿ ಅಂತ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಭೆಗೆ ಮುಂಚೆ: ಯಾರಿಗಾಗಿ ಈ ಮಾತು?

ಊರಿನ ಎಲ್ಲ ಮಕ್ಕಳ ಬಗ್ಗೆ ಒಂದೇ ಸಲ ಮಾತಾಡೋಕೆ ಹೋಗಬೇಡಿ. 6 ತಿಂಗಳಿಂದ 2 ವರ್ಷದ ಮಕ್ಕಳಿರುವ ಮನೆಗಳನ್ನು ಆರಿಸಿಕೊಳ್ಳಿ. ಅದಕ್ಕೆ ಕಾರಣ ಇದೆ. 3 ವರ್ಷ ದಾಟಿದ ಮಗು ಅಂಗನವಾಡಿಗೆ ಬರುತ್ತೆ, ವಾರದಲ್ಲಿ ಕೆಲವು ದಿನವಾದರೂ ಅಲ್ಲಿ ಮೊಟ್ಟೆ ಸಿಗುತ್ತೆ. ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣ ಊಟದಲ್ಲಿ ಮೊಟ್ಟೆ ಇದೆ. ಆದರೆ ಕಂಕುಳಲ್ಲಿರೋ ಕೂಸಿಗೆ ಸಿಗೋದು ಮನೆಗೆ ಕೊಡುವ ಪುಡಿಯ ಪ್ಯಾಕೆಟ್. ಆ ಪುಡಿ ಎಷ್ಟೋ ಮನೆಗಳಲ್ಲಿ ದೊಡ್ಡವರ ಪಾಲಾಗುತ್ತೆ, ಕೆಲವು ಕಡೆ ಎಮ್ಮೆಯ ಪಾಲೂ ಆಗುತ್ತೆ. ಮಗು ಗಿಡ್ಡ ಉಳಿಯೋದು, ತೂಕ ಹಿಂದೆ ಬೀಳೋದು ಶುರುವಾಗೋದು ಈ ವಯಸ್ಸಿನಲ್ಲೇ. ತೀವ್ರ ಅಪೌಷ್ಟಿಕ ಅಂತ ಪಟ್ಟಿಯಲ್ಲಿರುವ ಮಗುವಿಗೆ ಹೆಚ್ಚುವರಿ ಮೊಟ್ಟೆ ಬರುತ್ತಾ ಅಂತ ಅಂಗನವಾಡಿ ಟೀಚರ್ ಹತ್ತಿರ ಮೊದಲೇ ಕೇಳಿ ಇಟ್ಟುಕೊಳ್ಳಿ. ಸಭೆಯಲ್ಲಿ ಆ ಪ್ರಶ್ನೆ ಬಂದೇ ಬರುತ್ತೆ.

ಹತ್ತು ಹನ್ನೆರಡು ಹೆಂಗಸರು ಸಾಕು. ಆದರೆ ತಾಯಿಯ ಜೊತೆ ಅತ್ತೆ ಬರಲೇಬೇಕು. ತಾಯಿ ಹೊಲಕ್ಕೆ ಹೋದ ಮೇಲೆ ಕೂಸಿಗೆ ಉಣ್ಣಿಸೋದು ಅತ್ತೆ. ಅವರನ್ನು ಬಿಟ್ಟು ಸೊಸೆಗೆ ಮಾತ್ರ ಹೇಳಿದರೆ ಮಾತು ಅಂಗನವಾಡಿ ಬಾಗಿಲು ದಾಟಲ್ಲ. ನಾನು ಅತ್ತೆಯಂದಿರನ್ನು "ನಿಮ್ಮ ಕಾಲದಾಗ ಕೂಸಿಗೆ ಏನೇನು ಉಣ್ಣಸ್ತಿದ್ರಿ, ಬಂದು ಹೇಳ್ರಿ ಅತ್ತಿ" ಅಂತ ಕರೆಯುತ್ತೇನೆ. ಬರ್ತಾರೆ.

ಸಮಯ ನೋಡಿಕೊಳ್ಳಿ. ಕಳೆ ತೆಗೆಯೋ ದಿನಗಳಲ್ಲಿ, ಹತ್ತಿ ಬಿಡಿಸೋ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಊರು ಖಾಲಿ. ಸಂಜೆ ಇಟ್ಟುಕೊಳ್ಳಿ. ಲಸಿಕೆ ದಿನವೇ ಸಭೆ ಮಾಡೋದಾದರೆ ಸೂಜಿಗೆ ಮುಂಚೆ ಮುಗಿಸಿ. ಸೂಜಿ ಆದಮೇಲೆ ಕೂಸು ಅಳುತ್ತೆ, ತಾಯಿಗೆ ನಿಮ್ಮ ಮಾತು ಕೇಳಿಸಲ್ಲ.

ಒಯ್ಯಬೇಕಾದದ್ದು: ಬೇಯಿಸಿದ ಮೊಟ್ಟೆ 3, ಹಸಿ ಮೊಟ್ಟೆ 2, ಸ್ಟೀಲ್ ಬಟ್ಟಲು, ಚಮಚ, ಒಂದು ಡಬ್ಬಿ ಬೇಳೆ ಕಟ್ಟು ಅಥವಾ ತೆಳು ಅನ್ನ, 5 ರೂಪಾಯಿಯ ಎರಡು ಬಿಸ್ಕತ್ ಪ್ಯಾಕೆಟ್, ತೋಳು ಅಳೆಯುವ ಪಟ್ಟಿ. ಹೊರಡೋ ಮುಂಚೆ ಊರ ಅಂಗಡಿಯಲ್ಲಿ ಮೊಟ್ಟೆಯ ಅವತ್ತಿನ ಬೆಲೆ ಕೇಳಿಕೊಳ್ಳಿ.

ಮೊದಲ ಐದು ನಿಮಿಷ: ನೀವು ಮಾತಾಡಬೇಡಿ

"ನಿನ್ನೆ ಎದ್ದಾಗಿನಿಂದ ಮಲಗೋತನ ಕೂಸಿಗೆ ಏನೇನು ಕೊಟ್ರಿ?" ಅಂತ ಒಬ್ಬೊಬ್ಬರನ್ನೇ ಕೇಳಿ. ಎದೆಹಾಲು, ಚಹಾದಲ್ಲಿ ಅದ್ದಿದ ಬಿಸ್ಕತ್, ಮಧ್ಯಾಹ್ನ ಅನ್ನದ ಮೇಲಿನ ತಿಳಿ ಸಾರು, ಮತ್ತೆ ಬಿಸ್ಕತ್, ರಾತ್ರಿ ಎರಡು ತುತ್ತು ಅನ್ನ. ಹೆಚ್ಚು ಕಡಿಮೆ ಇದೇ ಬರುತ್ತೆ. "ಚಹಾ ಕೊಡಬಾರದಲ್ವಾ" ಅಂತ ತಿದ್ದೋಕೆ ಹೋಗಬೇಡಿ. ಒಬ್ಬರನ್ನು ತಿದ್ದಿದರೆ ಪಕ್ಕದವರು ಸುಳ್ಳು ಹೇಳೋಕೆ ಶುರು ಮಾಡ್ತಾರೆ. ಸುಮ್ನೆ ಕೇಳಿಸಿಕೊಳ್ಳಿ.

ಎಲ್ಲರೂ ಹೇಳಿದ ಮೇಲೆ ಬಟ್ಟಲು ಎತ್ತಿ ತೋರಿಸಿ. ಎಂಟು ಕೆಜಿ ತೂಕದ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯೋದು ಹೆಚ್ಚೆಂದರೆ ಒಂದು ಸಣ್ಣ ಬಟ್ಟಲು, ಅಂದರೆ ಕಾಲು ಲೀಟರಿಗಿಂತ ಸ್ವಲ್ಪ ಕಡಿಮೆ. ಆ ಬಟ್ಟಲಿಗೆ ತಿಳಿ ಸಾರು ತುಂಬಿದರೆ ಹೊಟ್ಟೆ ತುಂಬುತ್ತೆ, ಒಳಗೆ ಹೋಗೋದು ನೀರು. ಅದೇ ಬಟ್ಟಲಲ್ಲಿ ಒಂದು ಮೊಟ್ಟೆ ಇಡಿ. ಮೂಲೆಯಲ್ಲಿ ಕೂತಿರುತ್ತೆ, ಇನ್ನೂ ಜಾಗ ಉಳಿದಿರುತ್ತೆ. ಆ ಮೂಲೆಯಲ್ಲೇ ಸುಮಾರು 6 ಗ್ರಾಂ ಪ್ರೋಟೀನು, 70 ಕ್ಯಾಲೊರಿ, ಕಣ್ಣಿಗೆ ಬೇಕಾದ ಎ ಜೀವಸತ್ವ, ಬಿ12 ಎಲ್ಲ ಇದೆ. ಈ ಅಂಕಿಗಳು ನಿಮಗೆ ಗೊತ್ತಿದ್ದರೆ ಸಾಕು. ಅವರಿಗೆ "ಸಣ್ಣ ಹೊಟ್ಟಿ, ಗಟ್ಟಿ ಊಟ" ಅಂದರೆ ತಿಳಿಯುತ್ತೆ.

ಇಲ್ಲಿ ಸರ್ಕಾರದ ಅಂಕಿ ಹೇಳೋ ಆಸೆ ಬರುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಮೀಟಿಂಗಿನಲ್ಲಿ ಮೇಲಿನವರಿಗೆ ಹೇಳೋಕೆ ಇದು ಚೆನ್ನಾಗಿದೆ. ತಾಯಿಗೆ ಇದರಿಂದ ಏನೂ ಆಗಲ್ಲ, ಅವಳು ನೋಡೋದು ಅವಳ ಕೂಸನ್ನೇ.

ಕೈಯಲ್ಲಿ ಮಾಡಿ ತೋರಿಸೋದು

ಇಡೀ ಮಾತಿನಲ್ಲಿ ಇದಕ್ಕೇ ಜಾಸ್ತಿ ಹೊತ್ತು ಕೊಡಿ. ಮೊಟ್ಟೆ ಒಳ್ಳೇದು ಅಂತ ಎಲ್ಲರಿಗೂ ಗೊತ್ತು. ಎಂಟು ತಿಂಗಳ ಕೂಸಿಗೆ ಅದನ್ನು ತಿನ್ನಿಸೋದು ಹೇಗೆ ಅಂತ ಗೊತ್ತಿಲ್ಲ. ಬೇಯಿಸಿದ ಹಳದಿ ಒಣ ಒಣ ಇರುತ್ತೆ. ಹಾಗೇ ಬಾಯಿಗಿಟ್ಟರೆ ಅಂಗುಳಕ್ಕೆ ಅಂಟುತ್ತೆ, ಗಂಟಲಲ್ಲಿ ನಿಲ್ಲುತ್ತೆ, ಕೂಸು ಕೆಮ್ಮಿ ಉಗುಳುತ್ತೆ. ಅಲ್ಲಿಗೆ "ನಮ್ಮ ಕೂಸಿಗೆ ತತ್ತಿ ಸೇರಂಗಿಲ್ಲ" ಅನ್ನೋ ತೀರ್ಮಾನ ಆಗಿಬಿಡುತ್ತೆ.

ಮೊದಲು ಹಸಿ ಮೊಟ್ಟೆಯನ್ನು ನೀರಿನ ಬಟ್ಟಲಲ್ಲಿ ಬಿಡಿ. ತಳಕ್ಕೆ ಅಡ್ಡ ಮಲಗಿದರೆ ತಾಜಾ. ತಳದಲ್ಲೇ ನೆಟ್ಟಗೆ ನಿಂತರೆ ಹಳೇದು. ಒಡೆದು ಮೂಸಿ ನೋಡಿ, ವಾಸನೆ ಇಲ್ಲದಿದ್ದರೆ ಬಳಸಬಹುದು, ಆದರೆ ಕೂಸಿಗೆ ಬೇಡ. ತೇಲಿದರೆ ಎಸೆಯಿರಿ. ಬಿರುಕು ಬಿಟ್ಟದ್ದು, ಕಡಿಮೆ ಬೆಲೆಗೆ ಸಿಕ್ಕರೂ ಬೇಡ.

ಆಮೇಲೆ ಬೇಯಿಸೋದು. ತಣ್ಣೀರಲ್ಲಿ ಮೊಟ್ಟೆ ಇಟ್ಟು ಒಲೆ ಹಚ್ಚಿ, ನೀರು ಕುದಿಯೋಕೆ ಶುರುವಾದ ಮೇಲೆ 10 ನಿಮಿಷ. ಒಂದು ಮೊಟ್ಟೆ ಸೀಳಿ ತೋರಿಸಿ: ಹಳದಿ ನಡುವಲ್ಲೂ ಗಟ್ಟಿಯಾಗಿರಬೇಕು, ಜಿನುಗಬಾರದು. ಹಸಿ ಮೊಟ್ಟೆಯನ್ನು ಹಾಲಿಗೆ ಹಾಕಿ ಕುಡಿಸೋ ರೂಢಿ ಕೆಲವು ಮನೆಯಲ್ಲಿದೆ. ಅದು ಬೇಡವೇ ಬೇಡ. ವಾಂತಿ ಭೇದಿ ತರುವ ರೋಗಾಣು ಹಸಿ ಮೊಟ್ಟೆಯಲ್ಲಿ ಇರಬಹುದು, ಕೂಸಿಗೆ ಭೇದಿ ಹತ್ತಿದರೆ ವಾರದಲ್ಲಿ ಏರಿದ ತೂಕ ಎರಡು ದಿನದಲ್ಲಿ ಇಳಿಯುತ್ತೆ.

ಈಗ ಕೈ ತೊಳೆದುಕೊಂಡು ಸುಲಿಯಿರಿ. ಬಟ್ಟಲಲ್ಲಿ ಚಮಚದ ಬೆನ್ನಿನಿಂದ ಹಿಸುಕಿ. ಬಿಳಿ ಭಾಗ ನುಣ್ಣಗಾಗಲ್ಲ, ಅದನ್ನು ಬೆರಳಲ್ಲಿ ನುರಿಯಬೇಕು. ಎರಡು ಮೂರು ಚಮಚ ಬೆಚ್ಚಗಿನ ಬೇಳೆ ಕಟ್ಟು ಹಾಕಿ ಕಲಸಿ. ಹಿಂಡಿದ ಎದೆಹಾಲು ಹಾಕಿದರೂ ನಡೆಯುತ್ತೆ. ಚಮಚ ಓರೆ ಮಾಡಿದರೆ ಮುದ್ದೆ ಮುದ್ದೆಯಾಗಿ ನಿಧಾನಕ್ಕೆ ಜಾರಬೇಕು. ನೀರಿನಂತೆ ಸುರಿದರೆ ತೆಳುವಾಯ್ತು. ಅಂಟಿಕೊಂಡೇ ಇದ್ದರೆ ಗಟ್ಟಿಯಾಯ್ತು, ಇನ್ನೊಂದು ಚಮಚ ಹಾಕಿ. ಖಾರ ಬೇಡ. ಎರಡನೇ ಮೊಟ್ಟೆಯನ್ನು ಅಲ್ಲಿದ್ದ ತಾಯಿ ಒಬ್ಬರ ಕೈಗೆ ಕೊಡಿ, ಮೂರನೆಯದನ್ನು ಅತ್ತೆ ಒಬ್ಬರ ಕೈಗೆ. ಅವರು ಕಲಸಿ, ಅವರವರ ಕೂಸಿಗೆ ಅಲ್ಲೇ ತಿನ್ನಿಸಲಿ. ಒಂದು ಕೂಸು ನಾಲಗೆ ಚಪ್ಪರಿಸಿದರೆ ನಿಮ್ಮ ಅರ್ಧ ಮಾತು ಉಳಿಯುತ್ತೆ.

ಪ್ರಮಾಣ ಹೀಗೆ ಹೇಳಿ. 6 ತಿಂಗಳು ತುಂಬಿದ ಮೇಲೆ, ಮೊದಲ ದಿನ ಎರಡು ಚಮಚ. ಮೂರ್ನಾಲ್ಕು ದಿನ ಏನೂ ತೊಂದರೆ ಇಲ್ಲದಿದ್ದರೆ ಅರ್ಧ ಮೊಟ್ಟೆ. ಇನ್ನೊಂದು ವಾರಕ್ಕೆ ಒಂದು ಇಡೀ ಮೊಟ್ಟೆ, ದಿನಕ್ಕೆ ಒಂದು. ವರ್ಷ ತುಂಬೋತನ ಹಳದಿ ಮಾತ್ರ ಅನ್ನೋದು ಹಳೇ ಮಾತು, ಈಗ ಎರಡೂ ಭಾಗ ಕೊಡಿ ಅಂತಲೇ ಹೇಳ್ತಾರೆ. ಎದೆಹಾಲು ಎರಡು ವರ್ಷದವರೆಗೆ ನಡೆಯಲಿ. ಮೊಟ್ಟೆ ಕೊಟ್ಟೆ ಅಂತ ಉಳಿದ ಊಟ ಬಿಡಿಸಬಾರದು. 9 ತಿಂಗಳ ಕೂಸಿಗೆ ದಿನಕ್ಕೆ ಮೂರ್ನಾಲ್ಕು ಸಲ ಅರ್ಧರ್ಧ ಬಟ್ಟಲು ಊಟ ಬೇಕೇ ಬೇಕು.

ದುಡ್ಡಿನ ಮಾತು

ಬಿಸ್ಕತ್ ಪ್ಯಾಕೆಟ್ ಎರಡನ್ನೂ ಮೊಟ್ಟೆಯ ಪಕ್ಕದಲ್ಲಿಡಿ. "ದಿನಕ್ಕೆ ಎಷ್ಟು ಪುಡಿಕೆ ತರ್ತೀರಿ?" ಅಂತ ಕೇಳಿ. ಎರಡು ಅಂದರೆ 10 ರೂಪಾಯಿ. ನಮ್ಮೂರಲ್ಲಿ ಈಗ ಬಿಡಿ ಮೊಟ್ಟೆ 8 ರೂಪಾಯಿ ಅಂತಿಟ್ಟುಕೊಳ್ಳಿ. ನಾನು ಇಷ್ಟೇ ಹೇಳಿ ನಿಲ್ಲಿಸ್ತೀನಿ. ಬಿಸ್ಕತ್ ಬಿಡಿ ಅಂತ ಹೇಳೋದಿಲ್ಲ, ಲೆಕ್ಕ ಅವರೇ ಮಾಡ್ತಾರೆ.

ಆದರೆ ನಿಜವಾದ ತೊಡಕು ಬೇರೆ. ಬಿಸ್ಕತ್ತಿನ 5 ರೂಪಾಯಿ ಹೆಂಗಸಿನ ಕೈಯಲ್ಲಿ ಇರುತ್ತೆ. ಮೊಟ್ಟೆ ತರೋದು ಗಂಡಸು, ಅದೂ ಭಾನುವಾರ ಆರೇಳು ಒಟ್ಟಿಗೆ. ಅವತ್ತೇ ಸಾರಾಗಿ, ಕೂಸಿನ ಪಾಲಿಗೆ ಖಾರದ ಸಾರು. ಇದಕ್ಕೆ ನಮ್ಮ ಓಣಿಯ ಹೆಂಗಸರು ಕಂಡುಕೊಂಡ ದಾರಿ ಟ್ರೇ. ಮೂರು ಮನೆ ಸೇರಿ ಸಂತೆಯಿಂದ 30ರ ಒಂದು ಟ್ರೇ ತರೋದು, ಮನೆಗೆ ಹತ್ತು, ಹತ್ತು ದಿನಕ್ಕೆ ಹತ್ತು. ಟ್ರೇ 200 ರೂಪಾಯಿಗೆ ಸಿಕ್ಕರೆ ಒಂದಕ್ಕೆ 6 ರೂಪಾಯಿ 70 ಪೈಸೆ ಬಿತ್ತು. ಶ್ರಾವಣದಲ್ಲಿ ಬೆಲೆ ಇಳಿಯುತ್ತೆ, ಚಳಿಗಾಲದಲ್ಲಿ ಏರುತ್ತೆ, ಅದನ್ನೂ ಹೇಳಿ. ಬೇಸಿಗೆಯಲ್ಲಿ ಮಾತ್ರ ಹತ್ತು ದಿನ ಇಡಬೇಡಿ. ನಮ್ಮ ಕಡೆ ಬಿಸಿಲಿಗೆ ವಾರಕ್ಕೇ ಕೆಡುತ್ತೆ, ಆಗ ಆರು ಮನೆ ಸೇರಿ ಟ್ರೇ ತನ್ನಿ. ತಂದ ಮೊಟ್ಟೆಯನ್ನು ತೊಳೆದು ಇಡಬಾರದು. ಒಲೆಯಿಂದ ದೂರ, ತಂಪು ಮೂಲೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಬೇಯಿಸೋ ಮುಂಚೆ ತೊಳೆಯಿರಿ.

ಮನೆಯಲ್ಲಿ ಜವಾರಿ ಕೋಳಿ ಇದ್ದವರು "ಫಾರಂ ತತ್ತಿಯಾಗ ಏನೈತಿ, ಜವಾರಿದರಾಗ ಶಕ್ತಿ" ಅಂತಾರೆ. ಆದರೆ ಅವರೇ ಜವಾರಿ ಮೊಟ್ಟೆಯನ್ನು ಕೂಸಿಗೆ ಕೊಡದೆ ಸಂತೆಗೆ ಒಯ್ತಾರೆ, ಯಾಕಂದ್ರೆ ಅದಕ್ಕೆ ಹೆಚ್ಚು ಕಡಿಮೆ ಎರಡು ಪಟ್ಟು ಬೆಲೆ. ನಾನು ಮಾರಬೇಡಿ ಅನ್ನಲ್ಲ. ಒಂದು ಜವಾರಿ ಮಾರಿ ಎರಡು ಫಾರಂ ತನ್ನಿ, ಒಂದು ಕೂಸಿಗೆ, ಒಂದು ನಿಮಗೆ ಅಂತೀನಿ. ಒಳಗಿನ ಸತ್ವದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹಳದಿಯ ಬಣ್ಣ ಕೋಳಿ ತಿಂದ ಮೇವಿನಿಂದ ಬರುತ್ತೆ. ಇನ್ನೊಂದು ಮಾತು: ಕೂಸು ಅಂಬೆಗಾಲಿಡುವ ಜಾಗಕ್ಕೆ ಕೋಳಿ ಬಿಡಬೇಡಿ. ಕೋಳಿ ಹಿಕ್ಕೆ ಕೈಗೆ, ಕೈ ಬಾಯಿಗೆ. ಮೊಟ್ಟೆ ಕೊಟ್ಟ ಲಾಭ ಅಲ್ಲಿಗೆ ಹೋಯ್ತು.

ಅವರು ಕೇಳೋ ಪ್ರಶ್ನೆಗಳು

"ತತ್ತಿ ಉಷ್ಣ, ಬ್ಯಾಸಿಗ್ಯಾಗ ಹೆಂಗ ಕೊಡೋದು?" ಇದಕ್ಕೆ ವಾದ ಹೂಡಬೇಡಿ. ನಾನು "ಹಂಗಾದ್ರ ಬ್ಯಾಸಿಗ್ಯಾಗ ಮಜ್ಜಿಗಿ ಅನ್ನದ ಜೋಡಿ ಕೊಡ್ರಿ ಅವ್ವಾ" ಅಂತೀನಿ. ಅವರ ಲೆಕ್ಕದಲ್ಲಿ ತಂಪು ಸೇರಿತು, ನಮ್ಮ ಲೆಕ್ಕದಲ್ಲಿ ಮೊಸರೂ ಸೇರಿತು. ಜ್ವರ ಬಂದಾಗ ನಿಲ್ಲಿಸಬೇಕಾ ಅಂದರೆ, ಬೇಡ. ಕೂಸು ತಿಂದಷ್ಟು ಸ್ವಲ್ಪ ಸ್ವಲ್ಪ ಕೊಡಲಿ.

ಅಲರ್ಜಿ ಬಗ್ಗೆ ಅವರು ಕೇಳದಿದ್ದರೂ ನೀವು ಹೇಳಿ. ತೀರಾ ಕಡಿಮೆ ಮಕ್ಕಳಿಗೆ ಮೊಟ್ಟೆ ಆಗಿಬರಲ್ಲ. ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದು ಏಳುತ್ತೆ, ತುಟಿ ಊದುತ್ತೆ, ವಾಂತಿ ಆಗುತ್ತೆ. ಹಾಗಾದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದಂತಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮೊದಲ ಸಲ ಕೊಡೋದನ್ನು ಹಗಲಲ್ಲಿ, ಮನೆಯಲ್ಲಿ ಜನ ಇರುವಾಗ ಕೊಡಿ ಅನ್ನೋದು ಇದಕ್ಕೇ.

ಮೊಟ್ಟೆ ತಿನ್ನದ ಮನೆಯವರೂ ಸಭೆಗೆ ಬರ್ತಾರೆ. ಅವರನ್ನು ಬದಲಾಯಿಸೋಕೆ ಹೋಗಬೇಡಿ. ಅವರಿಗೆ ಹಾಲು, ಗಟ್ಟಿ ಮೊಸರು, ಚೆನ್ನಾಗಿ ಬೇಯಿಸಿ ಹಿಸುಕಿದ ಬೇಳೆ, ನುಣ್ಣಗೆ ಕುಟ್ಟಿದ ಶೇಂಗಾ ಪುಡಿ ಹೇಳಿ. ಶೇಂಗಾ ಇಡಿಯಾಗಿ ಕೊಡಬಾರದು, ಗಂಟಲಿಗೆ ಸಿಕ್ಕುತ್ತೆ. ಮೊಟ್ಟೆ ತಿನ್ನುವ ಮನೆಯಲ್ಲೂ ಸೋಮವಾರ, ಶನಿವಾರ, ಶ್ರಾವಣ ಅಂತ ತಿನ್ನದ ದಿನಗಳಿರುತ್ತವೆ. ಆ ದಿನಗಳಿಗೂ ಇದೇ ಪಟ್ಟಿ ಸಾಕು. "ಕೂಸಿಗೆ ವಾರ ಇಲ್ಲ ಬಿಡ್ರಿ" ಅಂತ ಹೇಳೋ ಅತ್ತೆಯಂದಿರೂ ಸಿಗ್ತಾರೆ. ಆ ಮಾತನ್ನು ನೀವು ಹೇಳಬೇಡಿ, ಅವರೇ ಹೇಳಲಿ.

ಎಷ್ಟು ಭರವಸೆ ಕೊಡಬಹುದು

"ತತ್ತಿ ಕೊಟ್ರೆ ಕೂಸು ಎತ್ತರ ಆಗುತ್ತೆ" ಅಂತ ಮಾತು ಕೊಡಬೇಡಿ. ದಕ್ಷಿಣ ಅಮೆರಿಕದ ಎಕ್ವಡಾರ್‌ನಲ್ಲಿ 6ರಿಂದ 9 ತಿಂಗಳ ಕೂಸುಗಳಿಗೆ ಆರು ತಿಂಗಳ ಕಾಲ ದಿನಾ ಒಂದು ಮೊಟ್ಟೆ ಕೊಟ್ಟು ನೋಡಿದ್ದರು. ಕುಳ್ಳಾಗಿ ಉಳಿಯುವ ಮಕ್ಕಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. 2017ರಲ್ಲಿ ಅದರ ವರದಿ ಬಂತು. ಇದನ್ನು ಎಲ್ಲರೂ ಹೇಳ್ತಾರೆ. ಆದರೆ ಆಫ್ರಿಕಾದ ಮಲಾವಿಯಲ್ಲಿ ಹಾಗೇ ಮಾಡಿದಾಗ ಎತ್ತರದಲ್ಲಿ ಅಂಥ ಫರಕು ಕಾಣಲಿಲ್ಲ. ಅಲ್ಲಿನ ಮಕ್ಕಳು ಮೊದಲಿಂದಲೂ ಕೆರೆಯ ಮೀನು ತಿನ್ನುತ್ತಿದ್ದರು, ಅದೂ ಒಂದು ಕಾರಣ ಇರಬಹುದು ಅಂತಾರೆ. ಹಾಗಾಗಿ ಊಟದಲ್ಲಿ ಇಂಥದ್ದು ಏನೂ ಇಲ್ಲದ ಮಗುವಿಗೆ ಮೊಟ್ಟೆಯಿಂದ ಜಾಸ್ತಿ ಲಾಭ ಅಂತ ನಾನು ತಿಳಿದುಕೊಂಡಿದ್ದೇನೆ. ನಮ್ಮ ಬಿಸ್ಕತ್ತು, ತಿಳಿ ಸಾರಿನ ಕೂಸು ಅಂಥದ್ದೇ.

ಕಬ್ಬಿಣದ ವಿಷಯದಲ್ಲಿ ಮೊಟ್ಟೆಯನ್ನು ನಂಬಬೇಡಿ. ಅದರಲ್ಲಿ ಇರೋದು ಕಡಿಮೆ, ಮೈಗೆ ಹತ್ತೋದು ಇನ್ನೂ ಕಡಿಮೆ. ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ ನಡೆಯಲೇಬೇಕು.

ತೋಳಿನ ಪಟ್ಟಿ ತೆಗೆಯೋದು ಈಗ. ಹಸಿರು ಬಂದರೆ, ಅಂದರೆ 12.5 ಸೆಂ.ಮೀ. ಇದ್ದರೆ ಅಥವಾ ಮೇಲಿದ್ದರೆ ಮನೆಯ ಊಟ ಸಾಕು. ಹಳದಿ ಬಂದರೆ ಮೊಟ್ಟೆ, ಊಟ ಎರಡನ್ನೂ ಹೆಚ್ಚಿಸಿ, 15 ದಿನಕ್ಕೊಮ್ಮೆ ನೋಡಿ. ಕೆಂಪು ಬಂದರೆ, 11.5ಕ್ಕಿಂತ ಕಡಿಮೆ ಇದ್ದರೆ, ಅಥವಾ ಎರಡೂ ಪಾದ ಊದಿ ಹೆಬ್ಬೆರಳು ಒತ್ತಿದ ಕಡೆ ಗುಳಿ ನಿಂತರೆ ಮೊಟ್ಟೆಯ ಮಾತೇ ಬೇಡ. ಅದು ಆಸ್ಪತ್ರೆಯ ಕೆಲಸ. ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸೋ ವ್ಯವಸ್ಥೆ ಅವತ್ತೇ ಮಾಡಿ. ಮೈ ತೀರಾ ಸೋತ ಕೂಸಿಗೆ ಮನೆಯಲ್ಲಿ ಒಮ್ಮೆಲೇ ಊಟ ತುಂಬಿಸಿದರೆ ಅಪಾಯ ಆಗಬಹುದು.

ಸಭೆ ಮುಗಿಸೋ ಮುಂಚೆ ಕೇಳಬೇಕಾದ ಎರಡು ಪ್ರಶ್ನೆ

"ಯಾವಾಗ ಕೊಡ್ತೀರಿ? ಯಾರು ಕೊಡ್ತೀರಿ?" ಇಷ್ಟೇ. "ಕೊಡ್ತೀವಿ ಬಿಡ್ರಿ" ಅನ್ನೋ ಉತ್ತರ ಒಪ್ಪಿಕೊಳ್ಳಬೇಡಿ.

ಹೋದ ವರ್ಷ ಒಂದು ಮನೆಯಲ್ಲಿ 11 ತಿಂಗಳ ಹೆಣ್ಣುಕೂಸು, ತೂಕ 6.7 ಕೆಜಿ, ತೋಳು 12.1, ಪಟ್ಟಿಯಲ್ಲಿ ಹಳದಿ. ಈ ವಯಸ್ಸಿಗೆ 6.9ಕ್ಕಿಂತ ಕಡಿಮೆ ಅಂದರೆ ಕಡಿಮೆ ತೂಕದ ಸಾಲು. ತಾಯಿ ಹತ್ತಿ ಬಿಡಿಸೋಕೆ ಎಂಟಕ್ಕೆ ಹೋಗೋಳು. ಮಧ್ಯಾಹ್ನ ಕೊಡಿ ಅಂತ ಅತ್ತೆಗೆ ಹೇಳಿ ಹೋಗ್ತಿದ್ದಳು. ಬೇಯಿಸಿದ್ದು ಬೆಳಿಗ್ಗೆ, ಕೊಡೋದು ಮಧ್ಯಾಹ್ನ. ಸುಲಿದು ಡಬ್ಬಿಯಲ್ಲಿಟ್ಟ ಮೊಟ್ಟೆ ಅಷ್ಟರಲ್ಲಿ ಬೆವರಿ ವಾಸನೆ ಬರ್ತಿತ್ತು, ಅತ್ತೆ ಅದನ್ನು ದೊಡ್ಡ ಮೊಮ್ಮಗನಿಗೆ ಕೊಡ್ತಿದ್ದರು. ತಾಯಿಗೆ ಇದು ಗೊತ್ತೇ ಇರಲಿಲ್ಲ. ಬೆಂದ ಮೊಟ್ಟೆ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬಾರದು ಅನ್ನೋದು ನಾನೇ ಸಭೆಯಲ್ಲಿ ಹೇಳೋಕೆ ಮರೆತಿದ್ದೆ.

ಕೂತು ಮೂವರೂ ಮಾತಾಡಿದೆವು. ಬೆಳಿಗ್ಗೆ ಜಳಕದ ನೀರು ಕಾಯಿಸೋ ಒಲೆ ಹೇಗೂ ಉರಿಯುತ್ತೆ. ಅದೇ ಒಲೆಯ ಮೇಲೆ ಚರಿಗೆಯಲ್ಲಿ ಎರಡು ಮೊಟ್ಟೆ. ಏಳಕ್ಕೆ ತಾಯಿಯೇ ಕಲಸಿ ತಿನ್ನಿಸೋದು, ಇನ್ನೊಂದು ಅಣ್ಣನ ಕೈಗೆ, ಅವನ ಕಣ್ಣು ಕೂಸಿನ ಬಟ್ಟಲ ಮೇಲೆ ಬೀಳದ ಹಾಗೆ. ಮಧ್ಯಾಹ್ನ ಅತ್ತೆ ಬೇಳೆ ಅನ್ನ ಹಿಸುಕಿ, ಸ್ವಲ್ಪ ಎಣ್ಣೆ ಹಾಕಿ ಕೊಡೋದು. ಸಿರಪ್ ಬುಧವಾರ, ಶನಿವಾರ.

ಒಂದು ವಾರ ಬಿಟ್ಟು ಮನೆಗೆ ಹೋಗಿ. "ತತ್ತಿ ಕೊಟ್ರೇನು?" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. "ಇವತ್ತು ಯಾರು ಸುಲಿದ್ರಿ?" ಅಂತ ಕೇಳಿ, ಹೋಗುವಾಗ ತಿಪ್ಪೆ ಕಡೆ ಒಮ್ಮೆ ನೋಡಿ. ಚಿಪ್ಪು ಸುಳ್ಳು ಹೇಳಲ್ಲ. ಆ ಮನೆಯ ತಿಪ್ಪೆಯಲ್ಲಿ ಚಿಪ್ಪು ಇತ್ತು. ಮೂರು ತಿಂಗಳಿಗೆ ಕೂಸಿನ ತೂಕ 7.3 ಆಯ್ತು, ತೋಳು 12.6, ಹಸಿರು. ತೂಕದ ಲೆಕ್ಕದಲ್ಲಿ 14 ತಿಂಗಳಿಗೆ 7.4 ದಾಟಬೇಕಿತ್ತು, ಕೂದಲೆಳೆಯಷ್ಟು ಉಳಿದಿತ್ತು. ಮಧ್ಯೆ ಒಂದು ವಾರ ಭೇದಿ ಬಂದಿತ್ತು, ಆ ವಾರ ತೂಕ ಏರಲೇ ಇಲ್ಲ. ಅತ್ತೆ ತಕ್ಕಡಿ ಮುಂದೆ ನಿಂತು ಮುಳ್ಳು ನೋಡಿದರು, ಆಮೇಲೆ ನನ್ನನ್ನು ಕೇಳಿದರು: "ಎರಡು ತತ್ತಿ ಕೊಟ್ರ ನಡೀತೈತೇನ ಬೇ?" ಒಂದೇ ಸಾಕು, ಎರಡನೆಯದರ ದುಡ್ಡಿಗೆ ಹಾಲು ತಗೊಳ್ರಿ ಅಂದೆ.